ಪಾಸ್‌ಬುಕ್‌ನಲ್ಲಿ 31 ಲಕ್ಷ, ಫೆಬ್ರವರಿಗೆ ಪಗಾರವಿಲ್ಲ: ಒಂದು ಸಣ್ಣ ಟ್ರಸ್ಟಿನ ರನ್‌ವೇ ಲೆಕ್ಕ

ಗದಗ ಜಿಲ್ಲೆಯ ಒಂದು ಸಣ್ಣ ಸಾರ್ವಜನಿಕ ಟ್ರಸ್ಟಿಗೆ ನಾನು ಖಜಾಂಚಿ. ಎಂಟು ಹಳ್ಳಿಗಳಲ್ಲಿ ಸಂಜೆಯ ಕಲಿಕಾ ಕೇಂದ್ರಗಳನ್ನೂ ಒಂದು ಸಂಚಾರಿ ಗ್ರಂಥಾಲಯವನ್ನೂ ನಡೆಸುವ ಈ ಸಂಸ್ಥೆಯಲ್ಲಿ ಸಂಬಳಕ್ಕಿರುವವರು 13 ಜನ. 2024ರ ಅಕ್ಟೋಬರ್ 19ರ ಆಡಳಿತ ಮಂಡಳಿ ಸಭೆಗೆ ನಾನು ಸಿದ್ಧಪಡಿಸಿದ ಹಣಕಾಸು ವರದಿಯೇ ಈ ಪ್ರಕರಣದ ವಸ್ತು. ಅಂದು ಸಭೆಯ ಮುಂದೆ ಒಂದೇ ಪ್ರಶ್ನೆ ಇತ್ತು: ಕೈಯಲ್ಲಿರುವ ಹಣದಲ್ಲಿ ಸಂಸ್ಥೆ ಇನ್ನೆಷ್ಟು ತಿಂಗಳು ನಡೆಯುತ್ತದೆ? ಅದಕ್ಕೆ ಮೂರು ಉತ್ತರಗಳು ಬಂದವು. ಮೂರರಲ್ಲೂ ಕೂಡುವ ಕಳೆಯುವ ಲೆಕ್ಕ ಸರಿಯಾಗಿಯೇ ಇತ್ತು, ಆದರೆ ನಂಬಬಹುದಾದದ್ದು ಒಂದು ಮಾತ್ರ.

ಪದಗಳ ವಿಷಯವನ್ನು ಮೊದಲೇ ಹೇಳಿಬಿಡುತ್ತೇನೆ. ತಿಂಗಳಿಗೆ ಎಷ್ಟು ಹಣ ಕರಗುತ್ತದೆ ಎಂಬುದು ಬರ್ನ್ ರೇಟ್. ಒಟ್ಟು ಖರ್ಚನ್ನಷ್ಟೇ ಹಿಡಿದರೆ ಅದು ಒಟ್ಟು ಬರ್ನ್, ಖರ್ಚಿನಲ್ಲಿ ಆದಾಯವನ್ನು ಕಳೆದರೆ ನಿವ್ವಳ ಬರ್ನ್. ಇರುವ ಹಣವನ್ನು ಬರ್ನ್‌ನಿಂದ ಭಾಗಿಸಿದಾಗ ಬರುವ ತಿಂಗಳುಗಳೇ ರನ್‌ವೇ. ಕನ್ನಡದಲ್ಲಿ ಇದಕ್ಕೆ ‘ಉಳಿಗಾಲ’ ಎಂಬ ಒಳ್ಳೆಯ ಪದವಿದೆ. ಹಿಂದಿನ ವರದಿಯಲ್ಲಿ ನಾನು ಅದನ್ನೇ ಬರೆದಿದ್ದೆ, ಆದರೆ ಅಪಶಕುನದಂತೆ ಕೇಳಿಸುತ್ತದೆ ಎಂದು ಅಧ್ಯಕ್ಷರು ತೆಗೆಸಿದರು. ಆದ್ದರಿಂದ ಇಲ್ಲಿಯೂ ರನ್‌ವೇ ಎಂದೇ ಬರೆಯುತ್ತೇನೆ.

ಸೆಪ್ಟೆಂಬರ್ 30ರಂದು ಎಲ್ಲ ಖಾತೆಗಳೂ ಸೇರಿ ಸಂಸ್ಥೆಯ ಬಳಿ ₹31,20,000 ಇತ್ತು. ಏಪ್ರಿಲ್ 1ರಂದು ಇದ್ದದ್ದು ₹36,00,000. ನಡುವಿನ ಆರು ತಿಂಗಳಲ್ಲಿ ₹18,00,000 ಬಂದು ₹22,80,000 ಹೋಗಿತ್ತು. ನಿವೃತ್ತ ಮುಖ್ಯೋಪಾಧ್ಯಾಯರಾದ ಹಿರಿಯ ಟ್ರಸ್ಟಿಯೊಬ್ಬರು ಸಭೆಗೆ ಬರುವ ಮೊದಲೇ ಲೆಕ್ಕ ಹಾಕಿಕೊಂಡಿದ್ದರು: ಆರು ತಿಂಗಳಲ್ಲಿ ಕರಗಿದ್ದು ₹4,80,000, ಅಂದರೆ ತಿಂಗಳಿಗೆ ₹80,000, 31,20,000ವನ್ನು ಅದರಿಂದ ಭಾಗಿಸಿದರೆ 39 ತಿಂಗಳು. ಮೂರು ವರ್ಷಕ್ಕೂ ಮೀರಿ ಚಿಂತೆಯಿಲ್ಲ ಎಂಬುದು ಅವರ ಅಭಿಪ್ರಾಯ. ನಮ್ಮ ಲೆಕ್ಕಿಗರು ಇನ್ನಷ್ಟು ಎಚ್ಚರ ವಹಿಸಿ, ಆದಾಯವನ್ನು ಬದಿಗಿಟ್ಟು, ಒಟ್ಟು ಖರ್ಚಿನ ತಿಂಗಳ ಸರಾಸರಿಯಾದ ₹3,80,000ದಿಂದ ಭಾಗಿಸಿ ಎಂಟು ತಿಂಗಳು ಎಂದಿದ್ದರು. ನನ್ನ ವರದಿಯ ಮೊದಲ ಸಾಲಿನಲ್ಲಿದ್ದದ್ದು, ಸಂಸ್ಥೆಯ ಕಚೇರಿ ಜನವರಿಯವರೆಗೆ ನಡೆಯುತ್ತದೆ, ಫೆಬ್ರವರಿಯ ಸಂಬಳಕ್ಕೆ ಹಣ ಸಾಲದು ಎಂದು.

“ಪಾಸ್‌ಬುಕ್‌ನ್ಯಾಗ ಮೂವತ್ತೊಂದು ಲಕ್ಷ ಐತಿ, ಫೆಬ್ರವರಿಗೆ ಪಗಾರ ಇಲ್ಲಂದ್ರ ಹೆಂಗ್ರೀ?” ಎಂದು ಹಿರಿಯರು ಕೇಳಿದರು. ವರದಿಯ ಉಳಿದ ಭಾಗವೆಲ್ಲ ಆ ಪ್ರಶ್ನೆಗೆ ಉತ್ತರ.

ಮೊದಲು 39 ತಿಂಗಳ ಲೆಕ್ಕ ಎಲ್ಲಿ ಜಾರಿತು ಎಂಬುದನ್ನು ನೋಡೋಣ. ಆರು ತಿಂಗಳಲ್ಲಿ ಬಂದ ₹18,00,000ದಲ್ಲಿ ₹12,00,000 ಒಂದು ಕಂಪನಿಯ ಸಾಮಾಜಿಕ ಹೊಣೆಗಾರಿಕೆಯ, ಅಂದರೆ ಸಿ.ಎಸ್.ಆರ್. ನಿಧಿಯ ಕಂತು. ಅದು ಮೇ ತಿಂಗಳಲ್ಲಿ ಒಮ್ಮೆಲೇ ಬಂದಿದೆ, ಒಪ್ಪಂದದ ಪ್ರಕಾರ ಈ ಯೋಜನೆಗೆ ಅದೇ ಕೊನೆಯ ಕಂತು. ಅದನ್ನು ಆರು ತಿಂಗಳಿಗೆ ಹಂಚಿ ನಿವ್ವಳ ಬರ್ನ್ ತೆಗೆದರೆ, ಮುಂದೆಯೂ ತಿಂಗಳಿಗೆ ₹2,00,000 ಅದೇ ಕಂಪನಿಯಿಂದ ಬರುತ್ತಲೇ ಇರುತ್ತದೆ ಎಂದು ಒಪ್ಪಿಕೊಂಡಂತಾಗುತ್ತದೆ. ವ್ಯಾಪಾರ ಸಂಸ್ಥೆಯಲ್ಲಿ ಕಳೆದ ತಿಂಗಳ ಮಾರಾಟವು ಮುಂದಿನ ತಿಂಗಳಿನ ಬಗ್ಗೆ ಏನನ್ನಾದರೂ ಸೂಚಿಸುತ್ತದೆ, ಕಂತಿನ ಅನುದಾನ ಹಾಗೆ ಏನನ್ನೂ ಸೂಚಿಸುವುದಿಲ್ಲ. ಹೀಗಾಗಿ ನಿವ್ವಳ ಬರ್ನ್ ತೆಗೆಯುವಾಗ ನಾನು ಆದಾಯವೆಂದು ಒಪ್ಪುವುದು ತಿಂಗಳು ತಿಂಗಳೂ ತಪ್ಪದೆ ಬರುವ ದೇಣಿಗೆಯನ್ನು ಮಾತ್ರ. ನಮ್ಮಲ್ಲಿ ಅದು ₹15,000.

ಲೆಕ್ಕಿಗರ ಎಂಟು ತಿಂಗಳಲ್ಲಿ ಒಂದು ಚಿಕ್ಕ ದೋಷ, ಒಂದು ದೊಡ್ಡ ದೋಷ ಇದ್ದವು. ಚಿಕ್ಕದು, ಜೂನ್‌ನಲ್ಲಿ ಕೇಂದ್ರಗಳಿಗೆ ಟ್ಯಾಬ್ಲೆಟ್ ಮತ್ತು ಪುಸ್ತಕ ಕೊಂಡ ₹2,40,000ವೂ ಸರಾಸರಿಯಲ್ಲಿ ಸೇರಿಕೊಂಡದ್ದು. ಅದು ಮರುಕಳಿಸುವ ಖರ್ಚಲ್ಲ. ಅದನ್ನು ತೆಗೆದರೆ ತಿಂಗಳ ಖರ್ಚು ₹3,40,000ಕ್ಕೆ ಇಳಿದು, ರನ್‌ವೇ ಒಂಬತ್ತು ತಿಂಗಳಿಗೆ ಏರುತ್ತದೆ. ವಿಚಿತ್ರವೆಂದರೆ, ಚಿಕ್ಕ ದೋಷವನ್ನು ತಿದ್ದಿದಷ್ಟೂ ಚಿತ್ರ ಇನ್ನಷ್ಟು ಸುಂದರವಾಗುತ್ತದೆ ಮತ್ತು ನಿಜದಿಂದ ಇನ್ನಷ್ಟು ದೂರ ಹೋಗುತ್ತದೆ. ಏಕೆಂದರೆ ದೊಡ್ಡ ದೋಷ ಇರುವುದು ಭಾಗಿಸುವ ಸಂಖ್ಯೆಯಲ್ಲಲ್ಲ, ಮೇಲಿರುವ 31,20,000ದಲ್ಲಿ. ಅದು ಒಂದೇ ಹಣವಲ್ಲ. ನಾಲ್ಕು ಬೇರೆ ಬೇರೆ ಹಣಗಳನ್ನು ಕೂಡಿ ಬಂದ ಮೊತ್ತ.

ಅದರಲ್ಲಿ ₹5,00,000 ಮೂಲನಿಧಿಯ ನಿಶ್ಚಿತ ಠೇವಣಿ. ಅಸಲನ್ನು ಮುಟ್ಟದೆ ಬಡ್ಡಿಯನ್ನಷ್ಟೇ ಬಳಸಬೇಕೆಂದು ದಾನಿಯೇ ಪತ್ರದಲ್ಲಿ ಬರೆದು ಕೊಟ್ಟ ಹಣವದು, ಆದ್ದರಿಂದ ರನ್‌ವೇ ಲೆಕ್ಕಕ್ಕೆ ಬರುವುದಿಲ್ಲ.

₹6,40,000 ವಿದೇಶಿ ದೇಣಿಗೆ. ವಿದೇಶಿ ದೇಣಿಗೆ ಕಾಯ್ದೆಯ 2020ರ ತಿದ್ದುಪಡಿಯ ನಂತರ ಇಂಥ ಹಣ ಭಾರತೀಯ ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯಲ್ಲಿರುವ ನಿಗದಿತ ಖಾತೆಗೇ ಬರಬೇಕು. ಅಲ್ಲಿಂದ ಊರಿನ ಬಳಕೆ ಖಾತೆಗೆ ತಂದು ಖರ್ಚು ಮಾಡಬಹುದೇ ಹೊರತು, ಅದನ್ನು ದೇಶೀ ದೇಣಿಗೆಯ ಖಾತೆಯೊಂದಿಗೆ ಬೆರೆಸುವಂತಿಲ್ಲ. ಈ ಹಣ ಸಂಚಾರಿ ಗ್ರಂಥಾಲಯಕ್ಕೆಂದು ಬಂದದ್ದು. ಇಬ್ಬರು ಸಿಬ್ಬಂದಿಯ ಸಂಬಳ, ವಾಹನದ ಬಾಡಿಗೆ, ಪುಸ್ತಕ ಎಲ್ಲ ಸೇರಿ ತಿಂಗಳಿಗೆ ₹80,000 ಖರ್ಚಾಗುತ್ತದೆ. ಅಂದರೆ ಗ್ರಂಥಾಲಯಕ್ಕೆ ಎಂಟು ತಿಂಗಳ ರನ್‌ವೇ ಇದೆ.

₹12,80,000 ಸಿ.ಎಸ್.ಆರ್. ಖಾತೆಯದು. ಕಲಿಕಾ ಕೇಂದ್ರಗಳ ಎಂಟು ಶಿಕ್ಷಕರು, ಒಬ್ಬ ಮೇಲ್ವಿಚಾರಕರು ಮತ್ತು ಸಾಮಗ್ರಿಗಳಿಗೆ ತಿಂಗಳಿಗೆ ₹1,60,000 ಬೇಕು. ಭಾಗಿಸಿದರೆ ಎಂಟು ತಿಂಗಳು ಬರುತ್ತದೆ, ಆದರೆ ಯೋಜನೆಯ ಅವಧಿ 2025ರ ಮಾರ್ಚ್ 31ಕ್ಕೆ ಮುಗಿಯುತ್ತದೆ. ಅವಧಿ ಮುಗಿದ ಮೇಲೆ ಉಳಿದ ಹಣವನ್ನು ಕಂಪನಿಯ ಲಿಖಿತ ಒಪ್ಪಿಗೆಯಿಲ್ಲದೆ ಮುಟ್ಟುವಂತಿಲ್ಲ ಎಂದು ನಮ್ಮ ಒಪ್ಪಂದದಲ್ಲೇ ಇದೆ. ಆದ್ದರಿಂದ ಕಟ್ಟುಪಾಡಿನ ಹಣಕ್ಕೆ ರನ್‌ವೇ ಎಂದರೆ ಎರಡರಲ್ಲಿ ಯಾವುದು ಮೊದಲು ಮುಗಿಯುತ್ತದೋ ಅದು, ಹಣವೋ ಅವಧಿಯೋ. ಇಲ್ಲಿ ಅವಧಿಯೇ ಮೊದಲು ಮುಗಿಯುತ್ತದೆ: ಆರು ತಿಂಗಳು.

ಇನ್ನು ಉಳಿದದ್ದು ಸಾಮಾನ್ಯ ಖಾತೆಯ ₹7,00,000. ಸಂಯೋಜಕಿಯ ಸಂಬಳ ₹45,000, ಲೆಕ್ಕಿಗರ ಸಂಬಳ ₹25,000, ಕಚೇರಿಯ ಬಾಡಿಗೆ ₹12,000, ಪ್ರಯಾಣ, ವಿದ್ಯುತ್, ಫೋನ್ ಮತ್ತು ಸಣ್ಣಪುಟ್ಟದ್ದು ₹18,000, ಒಟ್ಟು ತಿಂಗಳಿಗೆ ಒಂದು ಲಕ್ಷ ರೂಪಾಯಿ ಈ ಖಾತೆಯಿಂದಲೇ ಹೋಗಬೇಕು. ಕಚೇರಿ ನಿಂತರೆ ಕಲಿಕಾ ಕೇಂದ್ರದ ವರದಿ ಬರೆಯುವವರೂ ಇಲ್ಲ, ವಿದೇಶಿ ದೇಣಿಗೆಯ ವಾರ್ಷಿಕ ವಿವರ ಸಲ್ಲಿಸುವವರೂ ಇಲ್ಲ. ಹಾಗಾಗಿ ಉಳಿದ ಎರಡು ಹಣಗಳ ರನ್‌ವೇ ಎಷ್ಟೇ ಉದ್ದವಾಗಿರಲಿ, ಸಂಸ್ಥೆಯ ರನ್‌ವೇ ಈ ಖಾತೆಯದೇ.

ಏಳು ಲಕ್ಷವೂ ನಮ್ಮದಲ್ಲ ಎಂಬುದು ಪಾಸ್‌ಬುಕ್ ಬದಿಗಿಟ್ಟು ಲೆಡ್ಜರ್ ತೆರೆದಾಗ ತಿಳಿಯಿತು. ಜುಲೈನಲ್ಲಿ ಖಾತೆಯ ಸಹಿದಾರರು ಬದಲಾದರು. ಕಾಗದಪತ್ರ ಮುಗಿಯುವವರೆಗೆ ಸಾಮಾನ್ಯ ಖಾತೆಯಿಂದ ಹಣ ತೆಗೆಯಲು ಆಗಲಿಲ್ಲ. ಕಚೇರಿಯ ಇಬ್ಬರ ಎರಡು ತಿಂಗಳ ಸಂಬಳ ₹1,40,000 ಮತ್ತು ಇತರ ₹10,000ವನ್ನು ಸಿ.ಎಸ್.ಆರ್. ಖಾತೆಯಿಂದಲೇ ಕೊಡಲಾಯಿತು. ಲೆಡ್ಜರ್‌ನಲ್ಲಿ ‘ತಾತ್ಕಾಲಿಕ ಕೈಗಡ’ ಎಂಬ ಎರಡು ಪದಗಳ ಒಂದು ಸಾಲು ಇತ್ತು, ಅದರ ಮುಂದೆ ಮರುಪಾವತಿಯ ದಿನಾಂಕ ಖಾಲಿಯಾಗಿಯೇ ಇತ್ತು. ಸಣ್ಣ ಸಂಸ್ಥೆಗಳಲ್ಲಿ ಇದು ಅಪರೂಪವೇನಲ್ಲ. ಯಾರೂ ದುರುದ್ದೇಶದಿಂದ ಮಾಡಿದ್ದಲ್ಲ ಎಂಬುದೂ ನಿಜ. ಆದರೆ ಒಂದು ಯೋಜನೆಯ ಹಣದಿಂದ ಕಚೇರಿ ನಡೆಯುತ್ತಿರುವುದು ಹೊರಗೆ ಕಾಣದಂತೆ ಮುಚ್ಚಿಡುವುದು ಇಂಥ ಸಾಲುಗಳೇ. ಕಂಪನಿಗೆ ಬಳಕೆ ಪ್ರಮಾಣಪತ್ರ ಕೊಡುವಾಗ ಲೆಕ್ಕಪರಿಶೋಧಕರು ಕೇಳುವ ಮೊದಲ ಪ್ರಶ್ನೆಯೂ ಇದೇ ಆಗಿರುತ್ತಿತ್ತು. ₹1,50,000ವನ್ನು ಸಭೆಗೆ ಮೊದಲೇ ಹಿಂದಿರುಗಿಸಲಾಯಿತು.

ಇದಲ್ಲದೆ ಕಳೆದ ವರ್ಷದ ಆಡಿಟ್ ಶುಲ್ಕ ಜಿ.ಎಸ್.ಟಿ. ಸೇರಿ ₹59,000 ಬಾಕಿ ಇತ್ತು. ಸೆಪ್ಟೆಂಬರ್‌ನಲ್ಲಿ ಮುರಿದುಕೊಂಡು ಅಕ್ಟೋಬರ್ 7ರೊಳಗೆ ಕಟ್ಟಬೇಕಾದ ಟಿ.ಡಿ.ಎಸ್. ₹6,000 ಇತ್ತು. ಒಂದು ಪ್ರೌಢಶಾಲೆಯ ಹಳೆಯ ವಿದ್ಯಾರ್ಥಿಗಳು ಕೇಂದ್ರಗಳ ಆಟದ ಸಾಮಾನಿಗೆಂದೇ ರಸೀದಿಯಲ್ಲಿ ಬರೆಸಿ ಕೊಟ್ಟ ₹85,000 ಕೂಡ ಸಾಮಾನ್ಯ ಖಾತೆಯಲ್ಲೇ ಕುಳಿತಿತ್ತು. ಹಣ ಯಾವ ಖಾತೆಯಲ್ಲಿದೆ ಎಂಬುದರಿಂದ ಅದು ಯಾವ ಕಟ್ಟುಪಾಡಿನದು ಎಂದು ತಿಳಿಯುವುದಿಲ್ಲ, ರಸೀದಿ ನೋಡಬೇಕು. ಇವೆಲ್ಲವನ್ನೂ ಕಳೆದರೆ ಏಳು ಲಕ್ಷದಲ್ಲಿ ನಿಜಕ್ಕೂ ಕೈಗೆ ಸಿಗುವುದು ₹4,00,000.

ಒಂದು ಲಕ್ಷದ ಖರ್ಚಿನಲ್ಲಿ ತಿಂಗಳ ದೇಣಿಗೆ ₹15,000 ಕಳೆದರೆ ನಿವ್ವಳ ಬರ್ನ್ ₹85,000. ನಾಲ್ಕು ಲಕ್ಷವನ್ನು ಅದರಿಂದ ಭಾಗಿಸಿದರೆ 4.7 ತಿಂಗಳು. ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ 4.7 ಎಂಬ ದಶಮಾಂಶ ಸಭೆಯಲ್ಲಿ ಯಾರ ಮನಸ್ಸಿಗೂ ತಟ್ಟುವುದಿಲ್ಲ, ಮತ್ತು ಸರಾಸರಿಯು ಹಬ್ಬದಂಥ ಒಂದೇ ಸಲದ ಖರ್ಚನ್ನು ನುಂಗಿಬಿಡುತ್ತದೆ. ಅಕ್ಟೋಬರ್ ಕೊನೆಯಲ್ಲಿ ದೀಪಾವಳಿ. 13 ಜನರಿಗೂ ತಲಾ ₹2,000 ಕೊಡುವ ರೂಢಿ ನಮ್ಮಲ್ಲಿದೆ, ಅದನ್ನು ಯಾವ ಅನುದಾನವೂ ಭರಿಸುವುದಿಲ್ಲ. ಆದ್ದರಿಂದ ತಿಂಗಳುವಾರು ಬರೆದೆ.

| ತಿಂಗಳ ಕೊನೆಗೆ | ಕೈಗೆ ಸಿಗುವ ಹಣ (ರೂ.) |
|---|---|
| ಅಕ್ಟೋಬರ್ (ಹಬ್ಬದ ₹26,000 ಸೇರಿ) | 2,89,000 |
| ನವೆಂಬರ್ | 2,04,000 |
| ಡಿಸೆಂಬರ್ | 1,19,000 |
| ಜನವರಿ | 34,000 |
| ಫೆಬ್ರವರಿ | −51,000 |

ಹಿರಿಯರು ಕನ್ನಡಕ ಸರಿಮಾಡಿಕೊಂಡು ಕೊನೆಯ ಸಾಲಿನ ಮೇಲೆ ಪೆನ್ಸಿಲ್ ಇಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದರು. ಬಳಿಕ ಅವರು ಕೇಳಿದ ಪ್ರಶ್ನೆ ನನ್ನ ವರದಿಯಲ್ಲಿ ಇಲ್ಲದ್ದಾಗಿತ್ತು, ಇರಬೇಕಾಗಿತ್ತು. ಜನವರಿ ಕೊನೆಗೆ ₹34,000 ಉಳಿದಿರುವಾಗ ಕಚೇರಿ ಮುಚ್ಚುವ ನಿರ್ಧಾರ ಮಾಡಿದರೆ, ಸಿಬ್ಬಂದಿಗೆ ಕೊಡಬೇಕಾದದ್ದನ್ನು ಎಲ್ಲಿಂದ ಕೊಡುತ್ತೀರಿ?

ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸಕ್ಕಿರುವ ಸಂಸ್ಥೆಗೆ ಆಗ ಗ್ರ್ಯಾಚುಟಿ ಕಾಯ್ದೆ ಅನ್ವಯಿಸುತ್ತಿತ್ತು. ಐದು ವರ್ಷ ಪೂರೈಸಿದವರಿಗೆ, ಪ್ರತಿ ವರ್ಷದ ಸೇವೆಗೆ ಕೊನೆಯ ಮೂಲ ವೇತನದ 26ರಲ್ಲಿ 15 ಭಾಗ ಕೊಡಬೇಕಿತ್ತು. ಸಂಯೋಜಕಿಯ ಮೂಲ ವೇತನ ₹26,000, ಸೇವೆ ಏಳು ವರ್ಷ. ವರ್ಷಕ್ಕೆ ₹15,000ದಂತೆ ₹1,05,000 ಆಯಿತು. ಲೆಕ್ಕಿಗರಿಗೂ ಯೋಜನೆಯ ಸಿಬ್ಬಂದಿಗೂ ಇನ್ನೂ ಐದು ವರ್ಷ ತುಂಬಿಲ್ಲ. ಕಚೇರಿಯ ಇಬ್ಬರಿಗೆ ನೇಮಕಾತಿ ಪತ್ರದಂತೆ ಒಂದು ತಿಂಗಳ ನೋಟಿಸ್ ಸಂಬಳ ₹70,000. ಹೀಗೆ ಮರ್ಯಾದೆಯಿಂದ ಬಾಗಿಲು ಹಾಕಲು ₹1,75,000 ಕೈಯಲ್ಲಿರಬೇಕು. ಪಟ್ಟಿಯನ್ನು ಮತ್ತೆ ನೋಡಿದರೆ, ಅಷ್ಟು ಹಣ ಕೊನೆಯ ಬಾರಿಗೆ ಇರುವುದು ನವೆಂಬರ್ ಕೊನೆಗೆ. ಹಣ ಮುಗಿಯುವ ತಿಂಗಳು ಫೆಬ್ರವರಿಯಾದರೂ ಮಂಡಳಿಗೆ ನಿರ್ಧಾರದ ಸ್ವಾತಂತ್ರ್ಯ ಉಳಿದಿರುವುದು ನವೆಂಬರ್ 30ರವರೆಗೆ ಮಾತ್ರ. ಹಣ ಮುಗಿಯುವ ದಿನವನ್ನಷ್ಟೇ ವರದಿಯಲ್ಲಿ ಬರೆದು ನಿರ್ಧಾರದ ದಿನವನ್ನು ಬಿಟ್ಟದ್ದು ನನ್ನ ತಪ್ಪು. ಅಂದಿನಿಂದ ಎರಡನ್ನೂ ಬರೆಯುತ್ತಿದ್ದೇನೆ.

ಮುಂದಿನ ಚರ್ಚೆ ಬರ್ನ್ ಇಳಿಸುವುದರ ಬಗ್ಗೆ ನಡೆಯಿತು. ಕಡಿತ ಎಂದೊಡನೆ ಎಲ್ಲರೂ ಫೋನ್ ಬಿಲ್ಲು, ಚಹದ ಖರ್ಚಿನ ಮಾತೆತ್ತುತ್ತಾರೆ. ನಮ್ಮಲ್ಲೂ ಹಾಗೇ ಆಯಿತು, ಕಾಲು ಗಂಟೆ ಹೋಯಿತು. ನಿಜವಾದ ದಾರಿ ಬೇರೆ ಕಡೆ ಇತ್ತು. ಕಚೇರಿಯ ಕೆಲಸದಲ್ಲಿ ದೊಡ್ಡ ಪಾಲು ಆ ಎರಡು ಯೋಜನೆಗಳದ್ದೇ ಆಗಿದ್ದರೂ ಅದರ ವೆಚ್ಚ ಒಂದು ರೂಪಾಯಿಯೂ ಯೋಜನೆಗಳ ಮೇಲೆ ಬೀಳುತ್ತಿರಲಿಲ್ಲ. ಕಟ್ಟುಪಾಡಿಲ್ಲದ ಹಣ ಕರಗುತ್ತಿದ್ದದ್ದು ಆ ಕಾರಣಕ್ಕೆ.

ವಿದೇಶಿ ದಾನಿಯ ಒಪ್ಪಂದದಲ್ಲಿ ಲೆಕ್ಕಪತ್ರದ ಕೆಲಸಕ್ಕೆ ತಿಂಗಳಿಗೆ ₹10,000 ಎಂಬ ಬಾಬ್ತು ಮೊದಲಿನಿಂದಲೂ ಇತ್ತು, ಯಾರೂ ಬಳಸಿರಲಿಲ್ಲ. ಕಾನೂನಿನ ಮಿತಿಯನ್ನೂ ನೋಡಬೇಕಾಯಿತು. ಒಂದು ಆರ್ಥಿಕ ವರ್ಷದಲ್ಲಿ ಬಂದ ವಿದೇಶಿ ದೇಣಿಗೆಯ ಶೇ. 20ಕ್ಕಿಂತ ಹೆಚ್ಚನ್ನು ಆಡಳಿತ ವೆಚ್ಚಕ್ಕೆ ಬಳಸುವಂತಿಲ್ಲ, 2020ಕ್ಕೆ ಮೊದಲು ಈ ಮಿತಿ ಶೇ. 50 ಇತ್ತು. ಆ ವರ್ಷ ಅದುವರೆಗೆ ಬಂದದ್ದು ₹3,00,000, ಅದರ ಶೇ. 20 ಎಂದರೆ ₹60,000. ಜನವರಿಯ ಕಂತು ಬಾರದಿದ್ದರೂ ನವೆಂಬರ್‌ನಿಂದ ಮಾರ್ಚ್‌ವರೆಗಿನ ₹50,000 ಆ ಮಿತಿಯೊಳಗೇ ಇರುತ್ತದೆ. ಹಿಂದಿನ ಆರು ತಿಂಗಳದ್ದನ್ನೂ ಸಾಮಾನ್ಯ ಖಾತೆಗೆ ವರ್ಗಾಯಿಸಿಕೊಳ್ಳೋಣ ಎಂದು ಒಬ್ಬರು ಸೂಚಿಸಿದರು. ಅದು ಖಾತೆ ಬೆರೆಸಿದಂತಾಗುತ್ತದೆ ಎಂದು ನಾನು ಒಪ್ಪಲಿಲ್ಲ. ಲೆಕ್ಕಿಗರ ಸಂಬಳದ ಆ ಭಾಗವನ್ನು ನವೆಂಬರ್‌ನಿಂದ ವಿದೇಶಿ ದೇಣಿಗೆಯ ಬಳಕೆ ಖಾತೆಯಿಂದಲೇ ನೇರವಾಗಿ ಪಾವತಿಸುವುದು, ಅವರು ಆ ಯೋಜನೆಗೆ ಕೊಟ್ಟ ಸಮಯವನ್ನು ದಿನವಾರು ಬರೆದಿಡುವುದು ಎಂದು ತೀರ್ಮಾನವಾಯಿತು.

ಇದರಿಂದ ನಿವ್ವಳ ಬರ್ನ್ ₹75,000ಕ್ಕೆ ಇಳಿಯಿತು. ಡಿಸೆಂಬರ್ ಕೊನೆಗೆ ₹1,39,000, ಜನವರಿ ಕೊನೆಗೆ ₹64,000 ಉಳಿಯುತ್ತದೆ, ಫೆಬ್ರವರಿಗೆ ಆಗಲೂ ₹11,000 ಕಡಿಮೆ. ನಿರ್ಧಾರದ ದಿನವಂತೂ ನವೆಂಬರ್ 30ರಿಂದ ಕದಲಲೇ ಇಲ್ಲ.

ಎರಡನೆಯ ದಾರಿ ಸಿ.ಎಸ್.ಆರ್. ಬಜೆಟ್ಟಿನ ಪರಿಷ್ಕರಣೆ. ಕೈಗಡದ ₹1,50,000 ಮರಳಿದ ಮೇಲೆ ಆ ಯೋಜನೆಯಲ್ಲಿ ₹14,30,000 ಆಯಿತು, ಮಾರ್ಚ್‌ವರೆಗೆ ಬೇಕಾದದ್ದು ₹9,60,000. ಉಳಿಯಲಿದ್ದ ₹4,70,000ದಲ್ಲಿ, ಬಾಡಿಗೆಯ ಅರ್ಧ ಭಾಗ ಮತ್ತು ಸಂಯೋಜಕಿಯ ಸಂಬಳದ ಒಂದು ಪಾಲು ಸೇರಿ ತಿಂಗಳಿಗೆ ₹20,000 ಬಳಸಲು ಅನುಮತಿ ಕೇಳುವುದು ಯೋಜನೆ. ಕಂಪನಿಯ ಅಧಿಕಾರಿ ಫೋನಿನಲ್ಲಿ ‘ಆಗುತ್ತೆ ಬಿಡಿ’ ಎಂದಿದ್ದರಂತೆ. ಫೋನಿನ ಮಾತನ್ನು ಪಟ್ಟಿಯಲ್ಲಿ ಸೇರಿಸಲು ನಾನು ಒಪ್ಪಲಿಲ್ಲ. ಸಂಯೋಜಕಿಗೆ ಇದರಿಂದ ಬೇಸರವಾಯಿತು, ಏಕೆಂದರೆ ಪಟ್ಟಿಯಲ್ಲಿ ಋಣ ಚಿಹ್ನೆ ಕಾಣುವುದು ಅವರ ಸ್ವಂತ ಸಂಬಳದ ಮುಂದೆ. ಆದರೂ ಇಮೇಲ್ ಬರುವವರೆಗೆ ಅದು ಶೂನ್ಯ ಎಂದೇ ಬರೆದೆ.

ಈ ನಡುವೆ ಸಭೆಯಲ್ಲಿ ಎದ್ದ ಇನ್ನೊಂದು ಮಾತನ್ನೂ ದಾಖಲಿಸಬೇಕು. ಇಷ್ಟು ವರ್ಷ ಉಳಿತಾಯವನ್ನೇಕೆ ಮಾಡಲಿಲ್ಲ ಎಂದು ಕೇಳಿದಾಗ, ದತ್ತಿ ಸಂಸ್ಥೆ ಹಣ ಉಳಿಸಿದರೆ ತೆರಿಗೆ ಬೀಳುತ್ತದೆ ಎಂದು ಇಬ್ಬರು ಟ್ರಸ್ಟಿಗಳು ನಂಬಿದ್ದು ತಿಳಿಯಿತು. ಆದಾಯದ ಶೇ. 85ನ್ನು ಉದ್ದೇಶಕ್ಕೆ ಬಳಸಬೇಕು ಎಂಬುದು ನಿಯಮ, ಉಳಿದ ಶೇ. 15ನ್ನು ಯಾವ ಅರ್ಜಿಯೂ ಇಲ್ಲದೆ ಇಟ್ಟುಕೊಳ್ಳಲು ಅವಕಾಶವಿದೆ. ಹಿಂದಿನ ವರ್ಷಗಳಲ್ಲಿ ಮಾರ್ಚ್ ಬಂದೊಡನೆ ಸಾಮಾನ್ಯ ಖಾತೆಯನ್ನು ಖಾಲಿ ಮಾಡಲೆಂದೇ ಕುರ್ಚಿ, ಕಪಾಟು ಕೊಂಡಿದ್ದೆವು. ಆ ಕಪಾಟುಗಳಲ್ಲಿ ಎರಡು ಇನ್ನೂ ತೆರೆದೇ ಇಲ್ಲ.

ಕಂಪನಿಯ ಇಮೇಲ್ ನವೆಂಬರ್ ಕೊನೆಯ ವಾರದಲ್ಲಿ ಬಂತು. ಸಂಬಳದ ಪಾಲಿನಲ್ಲಿ ಅರ್ಧಕ್ಕಿಂತ ಕಡಿಮೆ ಒಪ್ಪಿ, ತಿಂಗಳಿಗೆ ₹12,000 ಮಾತ್ರ ಕೊಟ್ಟಿದ್ದರು. ಬರ್ನ್ ₹63,000ಕ್ಕೆ ಇಳಿಯಿತು. ನವೆಂಬರ್ ಕೊನೆಯ ₹2,14,000ದಿಂದ ಲೆಕ್ಕ ಮುಂದುವರಿಸಿದರೆ ಡಿಸೆಂಬರ್‌ಗೆ ₹1,51,000. ಬಾಗಿಲು ಹಾಕುವ ವೆಚ್ಚಕ್ಕೆ ₹24,000 ಕೊರತೆ. ನವೆಂಬರ್ 30ರಂದು ಶನಿವಾರ ಮತ್ತೆ ಸಭೆ ಸೇರಿತು. ನೋಟಿಸ್ ಕೊಡಬೇಕೇ ಬೇಡವೇ ಎಂಬುದೊಂದೇ ವಿಷಯ. ಇಬ್ಬರು ಟ್ರಸ್ಟಿಗಳು ತಲಾ ₹30,000 ಕೊಡಲು ಮುಂದಾದರು. ಅದರಿಂದ ಡಿಸೆಂಬರ್ ಕೊನೆಯ ಮೊತ್ತ ₹2,11,000ಕ್ಕೆ ಏರಿ, ನಿರ್ಧಾರದ ದಿನ ಒಂದು ತಿಂಗಳು ಮುಂದೆ ಹೋಯಿತು. ಜನವರಿ ಕೊನೆಗೆ ₹1,48,000 ಇರುವುದರಿಂದ ಅದಕ್ಕಿಂತ ಮುಂದೆ ಹೋಗುವುದಿಲ್ಲ ಎಂದೂ, ಡಿಸೆಂಬರ್ 31ರೊಳಗೆ ಕಟ್ಟುಪಾಡಿಲ್ಲದ ಹೊಸ ದೇಣಿಗೆಯ ಲಿಖಿತ ಭರವಸೆ ಬಾರದಿದ್ದರೆ ಅಂದೇ ನೋಟಿಸ್ ಕೊಡುವುದೆಂದೂ ನಡವಳಿ ಪುಸ್ತಕದಲ್ಲಿ ಬರೆದುಕೊಂಡೆವು.

ಸಭೆ ಮುಗಿದ ಮೇಲೆ ಲೆಕ್ಕಿಗರು ಎರಡು ರಸೀದಿ ಬರೆದು ತಂದರು. ದೊಡ್ಡ ಮೊತ್ತದ ದೇಣಿಗೆಗೆ ಬರೆಯುವ ರೂಢಿಯಂತೆ ಎರಡರಲ್ಲೂ ‘ಮೂಲನಿಧಿಗೆ’ ಎಂದಿತ್ತು. ಹಾಗೆಯೇ ಹೋಗಿದ್ದರೆ ಆ ₹60,000ವೂ ಠೇವಣಿಯ ಪಕ್ಕದಲ್ಲಿ ಹೋಗಿ ಕೂರಬೇಕಾಗುತ್ತಿತ್ತು, ಒಂದು ದಿನದ ಸಂಬಳಕ್ಕೂ ಬರುತ್ತಿರಲಿಲ್ಲ. ಎರಡನ್ನೂ ರದ್ದು ಎಂದು ಗೀಟು ಹಾಕಿ, ಹೊಸ ಹಾಳೆಯಲ್ಲಿ ‘ಸಾಮಾನ್ಯ ನಿಧಿಗೆ, ಷರತ್ತಿಲ್ಲದೆ’ ಎಂದು ಬರೆಸಿ, ದಾನಿಗಳಿಬ್ಬರ ಸಹಿಯನ್ನೂ ಹಾಕಿಸಿಕೊಂಡೆ.